ಮದುವೆ ಕೇಟರಿಂಗ್ ರೀಲ್: ಮೆನು ತೋರಿಸಬೇಕಾ, ರುಚಿ ನೋಡುವುದನ್ನಾ, ಅಡುಗೆಮನೆಯನ್ನಾ?

ಕಲಬುರಗಿಯಲ್ಲಿ ಮದುವೆ ಅಡುಗೆ ಹಿಡಿಯುವವರು ರೀಲ್ ಮಾಡಿಸಲು ಬಂದಾಗ ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಮೂರು ಬೇಡಿಕೆ ಇಡುತ್ತಾರೆ. "ಮೆನು ಎಲ್ಲಾ ಬರಬೇಕ್ರಿ. ಮಂದಿ ರುಚಿ ನೋಡೋದೂ ಬರಬೇಕು. ಅಡಿಗಿಮನಿ ಎಷ್ಟ್ ಸ್ವಚ್ಛ ಅದಾ ಅಂತನೂ ತೋರಸ್ರಿ. ಅರ್ಧ ನಿಮಿಷದಾಗ ಮುಗೀಬೇಕು."

ಮೂರನ್ನೂ ಸಮನಾಗಿ ಹಂಚಿ ಮಾಡಿದ ರೀಲ್‌ಗಳು ನೋಡಲು ಸಿಗುತ್ತವೆ. ಹತ್ತು ಸೆಕೆಂಡ್ ಹೋಳಿಗೆ, ಪನೀರು. ಹತ್ತು ಸೆಕೆಂಡ್ ಯಾರೋ ತಿಂದು ಹೆಬ್ಬೆರಳು ಎತ್ತುವುದು. ಹತ್ತು ಸೆಕೆಂಡ್ ಬಿಳಿ ಟೋಪಿ ಹಾಕಿದ ಹುಡುಗರು. ನೋಡಿದವರಿಗೆ ಒಂದೂ ನೆನಪಿರುವುದಿಲ್ಲ. ಸ್ಕ್ರಿಪ್ಟ್ ಬರೆಯುವಾಗ ಈ ಮೂರರಲ್ಲಿ ಒಂದನ್ನು ಮುಖ್ಯ ಮಾಡಬೇಕು. ಉಳಿದ ಎರಡು ಅದರ ಒಳಗೆ ಸೇರಿಕೊಳ್ಳಬೇಕು. ಯಾವುದನ್ನು ಮುಖ್ಯ ಮಾಡುವುದು ಎಂಬುದಕ್ಕೆ ಒಂದೇ ಕೇಟರಿಂಗ್‌ನವರನ್ನು ಇಟ್ಟುಕೊಂಡು ಮೂರೂ ಸ್ಕ್ರಿಪ್ಟ್ ಹೋಲಿಸಿ ನೋಡೋಣ.

ಉದಾಹರಣೆಗೆ, ಸೇಡಂ ರಸ್ತೆ ಕಡೆಯ ಒಬ್ಬರು ಎಂದುಕೊಳ್ಳಿ. ಪೂರ್ತಿ ಸಸ್ಯಾಹಾರಿ ಅಡುಗೆ. ಸುತ್ತಲಿನ ಹಳ್ಳಿಗಳಲ್ಲಿ ಹೆಸರು ಇದೆ, ಊರೊಳಗೆ ಇನ್ನೂ ಹೊಸಬರು. ಒಂದು ಸಲಕ್ಕೆ 800 ಜನರ ತನಕ ಮಾಡುತ್ತಾರೆ. ಕೈಯಲ್ಲಿ ಇರುವುದು ಒಂದು ಫೋನು, ಅದನ್ನು ಹಿಡಿಯಲು ಒಬ್ಬ ಅಣ್ಣನ ಮಗ.

ಮೆನು ರೀಲ್

ಎಲ್ಲರೂ ಮೊದಲು ಆರಿಸುವುದು ಇದನ್ನೇ. ಮಾಡಲು ಸುಲಭ, ನೋಡಲು ಬಣ್ಣ. ತೊಂದರೆ ಶುರುವಾಗುವುದು ಲೆಕ್ಕದಲ್ಲಿ. ಇವರ ಮೆನುವಿನಲ್ಲಿ 30 ಪದಾರ್ಥ ಇದೆ ಅನ್ನಿ. ಎಲ್ಲವನ್ನೂ 30 ಸೆಕೆಂಡಿನಲ್ಲಿ ತೋರಿಸಿದರೆ ಒಂದಕ್ಕೆ ಒಂದು ಸೆಕೆಂಡ್. ಅಷ್ಟರಲ್ಲಿ ಕಣ್ಣು ತಟ್ಟೆಯನ್ನು ನೋಡಬೇಕು, ಹೆಸರನ್ನೂ ಓದಬೇಕು. ಆಗುವುದಿಲ್ಲ. ಒಂದು ಪದಾರ್ಥ ಗುರುತು ಹತ್ತಿ, ಅದರ ಹೆಸರು ಓದಿ, ಬಾಯಲ್ಲಿ ನೀರು ಬರಬೇಕಾದರೆ ಎರಡೂವರೆಯಿಂದ ಮೂರು ಸೆಕೆಂಡ್ ಬೇಕು. ಅಂದರೆ ಅರ್ಧ ನಿಮಿಷಕ್ಕೆ ಹತ್ತು ದಾಟಬಾರದು. ನಾನು ಏಳೆಂಟಕ್ಕೇ ನಿಲ್ಲಿಸುತ್ತೇನೆ.

ಯಾವ ಏಳೆಂಟು? ಇಲ್ಲಿ ಬಹಳ ಜನ ಜಾರುತ್ತಾರೆ. ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ವೆಜ್ ಪುಲಾವ್ ಮುಂದೆ ಬರುತ್ತವೆ. ಅವು ಎಲ್ಲರ ರೀಲ್‌ನಲ್ಲೂ ಇರುವಂಥವು. ನೋಡುವವರಿಗೆ ಇದು ಕಲಬುರಗಿಯದೋ ಹುಬ್ಬಳ್ಳಿಯದೋ ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಮದುವೆ ಊಟದ ಮಾತು ಬಂದರೆ ಹಿರಿಯರು ಕೇಳುವುದು ಬೇರೆ. ರೊಟ್ಟಿ ಖಡಕ್ಕಾ ಮೆತ್ತಗಾ? ಎಣಗಾಯಿಗೆ ಶೇಂಗಾ ಜಾಸ್ತಿ ಹಾಕ್ತಾರಾ? ಪುಂಡಿ ಪಲ್ಯ ಹುಳಿ ಎಷ್ಟು? ಗೋಧಿ ಹುಗ್ಗಿ ಗಟ್ಟಿ ಇರ್ತದಾ? ಹೋಳಿಗೆ ಮೇಲೆ ತುಪ್ಪ ಕೇಳಿದಷ್ಟು ಹಾಕ್ತಾರಾ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಕ್ಲಿಪ್‌ಗಳು ಮುಂದೆ ಬರಬೇಕು. ಚಾಟ್ ಕೌಂಟರು, ಲೈವ್ ದೋಸೆ ಕೌಂಟರು ಮದುಮಕ್ಕಳಿಗೆ ಇಷ್ಟ, ಒಂದು ಕ್ಲಿಪ್ ಇಡಿ. ಆದರೆ ಅಡ್ವಾನ್ಸ್ ಕೊಡುವವರು ಅವರಲ್ಲ, ಅಲ್ವಾ?

ಮೆನು ರೀಲ್‌ಗೆ ತಟ್ಟೆಯಲ್ಲಿ ಜೋಡಿಸಿಟ್ಟ ಊಟಕ್ಕಿಂತ ಆಗುತ್ತಿರುವ ಕೆಲಸ ಚೆನ್ನ. ಖಡಕ್ ರೊಟ್ಟಿಯನ್ನು ತೋರಿಸಬೇಡಿ, ಮುರಿಯಿರಿ. ಆ ಸಪ್ಪಳ ಫೋನಿನ ಮೈಕಿಗೆ ಚೆನ್ನಾಗಿ ಸಿಗುತ್ತದೆ. ಹೆಣ್ಣುಮಕ್ಕಳು ಸಾಲಾಗಿ ಕುಳಿತು ರೊಟ್ಟಿ ಬಡಿಯುವ ಸಪ್ಪಳಕ್ಕೆ ಹಾಡಿನ ಹಂಗೇ ಬೇಡ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಇನ್‌ಸ್ಟಾಗ್ರಾಂನಲ್ಲಿ ಬಿಸಿನೆಸ್ ಖಾತೆ ಇಟ್ಟುಕೊಂಡವರಿಗೆ ಸಿನಿಮಾ ಹಾಡುಗಳು ಬಹುಪಾಲು ಸಿಗುವುದಿಲ್ಲ. ಬೇರೆ ಕಡೆಯಿಂದ ಹಾಡು ಸೇರಿಸಿ ಹಾಕಿದರೆ ಧ್ವನಿ ಬಂದ್ ಆಗುವ ಸಾಧ್ಯತೆ ಇರುತ್ತದೆ. ರೊಟ್ಟಿಯ ಸಪ್ಪಳಕ್ಕೆ ಯಾರ ಹಕ್ಕೂ ಇಲ್ಲ.

ಬೇಳೆ ಸಾರಿನ ಕ್ಲಿಪ್ ಇದ್ದರೆ ಪರದೆ ಮೇಲೆ "ಬಿಸಿ ಬಿಸಿ ಸಾರು" ಅಂತ ಬರೆಯುವ ಬದಲು "ಕಲಬುರಗಿ ತೊಗರಿ ಬೇಳೆ" ಅಂತ ಬರೆಯಿರಿ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಎರಡು ಮೂರು ಪದ ನಿಜವಾಗಿ ಒಂದು ವಿಷಯ ಹೇಳುತ್ತವೆ. ಅದೇ ಬೇಳೆಯನ್ನು ಬಳಸುತ್ತಿದ್ದರೆ ಮಾತ್ರ ಬರೆಯಬೇಕು ಅಂತ ಬೇರೆ ಹೇಳಬೇಕಿಲ್ಲ.

ಈ ಸ್ಕ್ರಿಪ್ಟಿನ ದೊಡ್ಡ ಮಿತಿ ರೀಲ್ ಮುಗಿದ ಮೇಲೆ ಗೊತ್ತಾಗುತ್ತದೆ. ಮನೆಯವರು ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬರುತ್ತಾರೆ. "ಇದೆಲ್ಲಾ ಬೇಕ್ರಿ, ಆ ರೇಟಿಗೇ." ತೋರಿಸಿದ್ದು ಮೂರು ಬೇರೆ ಬೇರೆ ದರದ ಊಟದಿಂದ ಆರಿಸಿದ ಪದಾರ್ಥಗಳಾಗಿದ್ದರೆ ಅಲ್ಲೇ ಜಗಳ. ಆದ್ದರಿಂದ ಮೆನು ರೀಲ್ ಮಾಡುವುದಾದರೆ ಒಂದೇ ಪ್ಲೇಟಿನ ಮೆನು ತೋರಿಸಿ. ಸಾದಾ ಊಟಕ್ಕೆ ಒಂದು ರೀಲ್, ಸ್ಪೆಷಲ್ ಊಟಕ್ಕೆ ಇನ್ನೊಂದು. ಯಾವುದು ಅಂತ ಮೊದಲ ಫ್ರೇಮಿನಲ್ಲೇ ಬರೆದುಬಿಡಿ.

ಅಡುಗೆಮನೆ ರೀಲ್

ಸ್ವಚ್ಛತೆಯನ್ನು ತೋರಿಸುವುದು ಮೂರರಲ್ಲಿ ಎಲ್ಲಕ್ಕಿಂತ ಕಷ್ಟ. ಮೆನು ರೀಲ್ ಚೆನ್ನಾಗಿ ಬರದಿದ್ದರೆ ಜನ ಸುಮ್ನೆ ಮುಂದೆ ಹೋಗುತ್ತಾರೆ. ಅಡುಗೆಮನೆ ರೀಲ್ ಕೆಟ್ಟರೆ ನಿಂತು ನೋಡುತ್ತಾರೆ, ಕಾಮೆಂಟ್ ಹಾಕುತ್ತಾರೆ, ಮನೆಯ ಗುಂಪುಗಳಿಗೆ ಕಳಿಸುತ್ತಾರೆ.

ಕೆಡುವುದು ಹೇಗೆ? ಮುಂದೆ ಟೋಪಿ ಹಾಕಿದ ಹುಡುಗ ತರಕಾರಿ ಕೊಚ್ಚುತ್ತಿರುತ್ತಾನೆ. ಹಿಂದೆ ನೆಲದ ಮೇಲಿನ ತಾಡಪತ್ರಿಯಲ್ಲಿ ಕೋಸಿನ ರಾಶಿ, ಪಕ್ಕದಲ್ಲಿ ಚಪ್ಪಲಿ. ನೀರಿನ ಡ್ರಮ್ಮಿನ ಮೇಲೆ ಪೇಂಟ್ ಕಂಪನಿಯ ಹೆಸರು. ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಭಜಿ. ಎಣ್ಣೆಯಿಂದ ತೆಗೆದ ಮಿರ್ಚಿ ಭಜಿಯನ್ನು ಹಳೇ ಪೇಪರ್ ಮೇಲೆ ಸುರಿಯುವುದು ನಮ್ಮಲ್ಲಿ ಎಷ್ಟು ರೂಢಿ ಅಂದರೆ, ಶೂಟ್ ಮಾಡುವವನಿಗೂ ಅದು ಕಾಣುವುದಿಲ್ಲ. ಸುದ್ದಿ ಪತ್ರಿಕೆಯ ಶಾಯಿ ಎಣ್ಣೆಗೆ ಬಿಡುತ್ತದೆ. ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು, ಇಡಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಸ್ವಚ್ಛತೆಯ ರೀಲ್‌ನಲ್ಲಿ ಅದೇ ಪೇಪರ್ ಕಂಡರೆ ಉಳಿದ ಎಲ್ಲಾ ಕ್ಲಿಪ್ ದಂಡ. ಜಾಲರಿ ತಟ್ಟೆ ಇಟ್ಟುಕೊಳ್ಳಿ, ಎಣ್ಣೆ ಕೆಳಗೆ ಸೋರಲಿ.

ಕೈಗವಸು ಇನ್ನೊಂದು ಬಲೆ. ಶೂಟಿಂಗ್‌ಗೆಂದು ಪಾಕೀಟು ಒಡೆದು ಹಾಕಿಕೊಂಡ ಕೈಗವಸಿನ ಮೇಲೆ ಮಡಿಕೆಯ ಗೆರೆ ಹಾಗೇ ಇರುತ್ತದೆ. ಅದೇ ಕೈಯಿಂದ ಮೂಗು ಒರೆಸಿಕೊಂಡರೆ, ಫೋನ್ ಮುಟ್ಟಿದರೆ ಬರಿಗೈಗಿಂತ ಕೆಟ್ಟದ್ದು. ಒಲೆ ಮುಂದೆ ತೆಳು ಪ್ಲಾಸ್ಟಿಕ್ ಕೈಗವಸು ಹಾಕಿಕೊಳ್ಳುವುದಂತೂ ಅಪಾಯ, ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಡುಗೆಯವರು ಸಾಬೂನು ಹಚ್ಚಿ ಮೊಣಕೈ ತನಕ ಕೈ ತೊಳೆಯುವ ಮೂರು ಸೆಕೆಂಡ್ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಹಾಗೇ ಬಡಿಸುವವರು ಸಿಹಿ, ಕೋಸಂಬರಿ ಬಡಿಸುವಾಗ ಕೈ ಹಾಕದೆ ಚಮಚ ಬಳಸುವುದನ್ನು ತೋರಿಸಿ.

ನನ್ನ ಅಭಿಪ್ರಾಯದಲ್ಲಿ ಸ್ವಚ್ಛತೆಗೆ ಎಲ್ಲಕ್ಕಿಂತ ಒಳ್ಳೆಯ ಕ್ಲಿಪ್ ಥರ್ಮಾಮೀಟರ್. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಸಿಗುತ್ತದೆ, ದುಬಾರಿಯೇನಲ್ಲ. ಬಡಿಸುವ ಹೊತ್ತಿಗೆ ಸಾರಿನ ಪಾತ್ರೆಗೆ ಅದ್ದಿ, ಅಂಕಿ ಕಾಣುವ ಹಾಗೆ ಹಿಡಿಯಿರಿ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಬಹಳ ಹೊತ್ತು ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಳಗಿನ ಜಾವ ಬೇಯಿಸಿದ್ದನ್ನು ಮಧ್ಯಾಹ್ನ ಎರಡರ ಪಂಕ್ತಿಗೆ ಬಡಿಸುವಾಗ ತೊಂದರೆ ಆಗುವುದು ಇದರಿಂದಲೇ. ನಮ್ಮ ಬೇಸಿಗೆಯ ಬಿಸಿಲು 40 ದಾಟಿದರೂ ಅದು ಅಡುಗೆಯನ್ನು ಕಾಪಾಡುವಷ್ಟು ಬಿಸಿಯಲ್ಲ, ಕೆಡಿಸಲು ಬೇಕಾದಷ್ಟು ಬಿಸಿ. ಪರದೆ ಮೇಲೆ "ಎರಡನೇ ಪಂಕ್ತಿಗೂ 60ಕ್ಕಿಂತ ಮೇಲೆ" ಅಂತ ಒಂದು ಸಾಲು ಸಾಕು.

ಹಾಗಾದರೆ ನಮ್ಮ ಸೇಡಂ ರಸ್ತೆಯವರು ಅಡುಗೆಮನೆ ರೀಲ್ ಮಾಡಬೇಕಾ? ಅದು ಅವರ ಅಡುಗೆಮನೆ ಯಾರದು ಎಂಬುದರ ಮೇಲಿದೆ. ಸ್ವಂತ ಜಾಗದಲ್ಲಿ ಅಡುಗೆ ಮಾಡಿ ಗಾಡಿಯಲ್ಲಿ ಕಳಿಸುವವರಾದರೆ ಧೈರ್ಯವಾಗಿ ಮಾಡಬಹುದು. ಆದರೆ ಇಲ್ಲಿ ಬಹಳಷ್ಟು ಕೆಲಸ ನಡೆಯುವುದು ಕಲ್ಯಾಣ ಮಂಟಪದ ಹಿಂದಿನ ತಗಡಿನ ಶೆಡ್‌ನಲ್ಲಿ, ಹಳ್ಳಿಯಾದರೆ ಮನೆ ಮುಂದಿನ ಪೆಂಡಾಲಿನಲ್ಲಿ. ಆ ನೆಲ, ಆ ಚರಂಡಿ, ಆ ನೀರಿನ ಟ್ಯಾಂಕರ್ ಅವರ ಕೈಯಲ್ಲಿಲ್ಲ. ಹೊಳೆಯುವ ಅಡುಗೆಮನೆಯ ರೀಲ್ ಹಾಕಿ, ಮದುವೆಯ ದಿನ ಬೀಗರು ಹಿಂದೆ ಬಂದು ಬೇರೆ ಏನೋ ಕಂಡರೆ ಕಷ್ಟ. ಇಂಥವರು ಜಾಗವನ್ನು ಬಿಟ್ಟು ತಮ್ಮ ಕೈಯಲ್ಲಿರುವುದನ್ನು ಮಾತ್ರ ತೋರಿಸಬೇಕು. ಮುಚ್ಚಳ, ಕುಡಿಯುವ ನೀರಿನ ಕ್ಯಾನು, ನೆಲದಿಂದ ಮೇಲಿಟ್ಟ ಪಾತ್ರೆ, ಕೈ ತೊಳೆಯುವುದು, ಥರ್ಮಾಮೀಟರ್. ಇಷ್ಟಕ್ಕೆ ಒಂದು ಇಡೀ ರೀಲ್ ಬೇಕಿಲ್ಲ.

ರುಚಿ ನೋಡುವ ದಿನದ ರೀಲ್

ಅಂದರೆ ಅವರಿಗೆ ಉಳಿಯುವುದು ಇದು. ನಾನು ಬರೆಯುವುದೂ ಇದನ್ನೇ. ರುಚಿ ನೋಡುವಾಗ ಪದಾರ್ಥಗಳು ತಾವಾಗಿ ಬರುತ್ತವೆ, ಮೆನುವನ್ನು ಬೇರೆ ತೋರಿಸಬೇಕಿಲ್ಲ. ತಿನ್ನುವ ಜನ ಇರುವುದರಿಂದ ಸ್ವಚ್ಛತೆಯ ಕ್ಲಿಪ್‌ಗಳಿಗೂ ಅಲ್ಲಿ ಜಾಗ ಸಿಗುತ್ತದೆ.

ಆದರೆ ಇದನ್ನು ಎಲ್ಲರೂ ಮಾಡುವಂತೆ ಮಾಡಿದರೆ ದಂಡ. ಐದು ಜನ ಸಾಲಾಗಿ ಕುಳಿತು, ಒಬ್ಬೊಬ್ಬರೂ ಒಂದು ತುತ್ತು ತಿಂದು "ಮಸ್ತ್ ಆಗ್ಯಾದ್ರಿ" ಅನ್ನುತ್ತಾರೆ. ಯಾರೂ ನಂಬುವುದಿಲ್ಲ. ಅವರು ಕೇಟರಿಂಗ್‌ನವರ ನೆಂಟರೇ ಇರಬೇಕು ಅಂದುಕೊಳ್ಳುತ್ತಾರೆ, ಎಷ್ಟೋ ಸಲ ಅದು ನಿಜವೂ ಹೌದು. ಈ ರೀಲ್ ನಿಲ್ಲುವುದು ಒಂದು ತಕರಾರಿನ ಮೇಲೆ. ಯಾರಾದರೂ ಒಬ್ಬರು ಉಪ್ಪು ಕಮ್ಮಿ ಅನ್ನಬೇಕು, ಅಡುಗೆಯವರು ಅದನ್ನು ಬರೆದುಕೊಳ್ಳಬೇಕು, ಮದುವೆಯ ದಿನ ಅದು ಸರಿಹೋಗಿರಬೇಕು. ಇದನ್ನು ನಾಟಕ ಮಾಡಿಸಬೇಡಿ, ಬೇಕಾಗುವುದೂ ಇಲ್ಲ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಮುಂದೆ ಎಣಗಾಯಿ ಇಟ್ಟು ಒಂದೂ ತಪ್ಪು ಹೇಳಿಸದೆ ವಾಪಸ್ ಕಳಿಸುವುದು ಸಾಧ್ಯವೇ? ಕ್ಯಾಮೆರಾ ಚಾಲೂ ಇಟ್ಟು ಸುಮ್ನೆ ಕಾಯಿರಿ.

42 ಸೆಕೆಂಡಿನ ಸ್ಕ್ರಿಪ್ಟ್ ಹೀಗೆ ಬರುತ್ತದೆ.

0–3: ಕೈಗಳು ಮಾತ್ರ. ಬಿಸಿ ರೊಟ್ಟಿ ಮುರಿದು ಎಣಗಾಯಿಯ ಗೊಜ್ಜಿಗೆ ಅದ್ದುತ್ತವೆ. ಪರದೆ ಮೇಲೆ: "ಹುಡುಗಿ ಕಡೆಯವರು ಏನಂದ್ರು?"

3–8: ಹುಡುಗಿಯ ದೊಡ್ಡಮ್ಮನ ಮುಖ. ಅಗಿಯುತ್ತಾ, "ಛಂದ ಅದಾ. ಖರೆ, ಉಪ್ಪ ಜರಾ ಕಮ್ಮಿ ಆಗ್ಯಾದ ನೋಡ್ರಿ." ಅಡುಗೆಯವರ ಧ್ವನಿ: "ಹೌದ್ರೀ ಅಮ್ಮಾ, ಬರ್ಕೋತೀನಿ." ವಹಿಯಲ್ಲಿ ಪೆನ್ನು: "ಎಣಗಾಯಿ – ಉಪ್ಪು."

8–20: ನಾಲ್ಕು ಪದಾರ್ಥ, ತಲಾ ಮೂರು ಸೆಕೆಂಡ್. ಗೋಧಿ ಹುಗ್ಗಿಗೆ ತುಪ್ಪ ಬೀಳುತ್ತದೆ. ಪುಂಡಿ ಪಲ್ಯವನ್ನು ರೊಟ್ಟಿಯಲ್ಲಿ ಎತ್ತುತ್ತಾರೆ. ಹೋಳಿಗೆ ಹರಿಯುತ್ತಾರೆ. ಬಗಾರಾ ಅನ್ನದ ಮುಚ್ಚಳ ತೆರೆದು ಆವಿ ಏಳುತ್ತದೆ. ಹೆಸರು ಮಾತ್ರ ಪರದೆ ಮೇಲೆ, ವರ್ಣನೆ ಬೇಡ.

20–30: ಮದುವೆಯ ದಿನ. ಪರದೆ ಮೇಲೆ: "800 ಜನಕ್ಕೆ." ಬದನೆಕಾಯಿ ತೊಳೆಯುವುದು, ಅಡುಗೆಯವರ ಕೈ ತೊಳೆಯುವುದು, ಉಪ್ಪನ್ನು ತೂಕದ ಯಂತ್ರದ ಮೇಲೆ ಇಡುವುದು, ದೊಡ್ಡ ಪಾತ್ರೆಯಲ್ಲಿ ಥರ್ಮಾಮೀಟರ್.

30–37: ಪಂಕ್ತಿಯಲ್ಲಿ ಅದೇ ದೊಡ್ಡಮ್ಮ. "ಈಗ ಬರೋಬರಿ ಆಗ್ಯಾದ."

37–42: ಫೋನ್ ನಂಬರು, ರುಚಿ ನೋಡಲು ಯಾವ ದಿನ ಬರಬಹುದು, ಆಹಾರ ಲೈಸೆನ್ಸಿನ 14 ಅಂಕಿ.

ಕೊನೆಯ ಫ್ರೇಮಿನ 14 ಅಂಕಿಯ ಬಗ್ಗೆ ಒಂದು ಮಾತು. "ಸರ್ಕಾರಿ ಮಾನ್ಯತೆ ಪಡೆದ" ಎಂಬ ಸಾಲಿಗಿಂತ ಅಂಕಿಯೇ ಮೇಲು. ಯಾರಿಗೆ ಬೇಕೋ ಅವರು ಆಹಾರ ಸುರಕ್ಷತಾ ಪ್ರಾಧಿಕಾರದ FoSCoS ಜಾಲತಾಣದಲ್ಲಿ ಹಾಕಿ ನೋಡಬಹುದು.

ಇದರಲ್ಲಿ 20ರಿಂದ 30ರ ತನಕದ ಭಾಗವೇ ಬೆನ್ನೆಲುಬು. ರುಚಿ ನೋಡಲು ಮಾಡಿದ್ದು ಸಣ್ಣ ಕಡಾಯಿಯಲ್ಲಿ ಹತ್ತು ಜನಕ್ಕೆ. ಮದುವೆಗೆ ಮಾಡುವುದು 800 ಜನಕ್ಕೆ. ಎರಡೂ ಒಂದೇ ರುಚಿ ಬರುತ್ತದೆಯೇ ಎಂಬ ಅನುಮಾನ ನೋಡುವವರಿಗೆ ಇದ್ದೇ ಇರುತ್ತದೆ, ಅದು ಸರಿಯಾದ ಅನುಮಾನವೂ ಹೌದು. ದೊಡ್ಡ ಪಾತ್ರೆಯಲ್ಲಿ ನೀರು ಆರುವುದು ಕಡಿಮೆ. ಮಸಾಲೆ, ಉಪ್ಪು, ನೀರನ್ನು ಸುಮ್ನೆ 80ರಿಂದ ಗುಣಿಸಿ ಹಾಕಿದರೆ ಗೊಜ್ಜು ತೆಳ್ಳಗಾಗಿ ರುಚಿ ಬೇರೆ ಆಗುತ್ತದೆ. ಕೈಯಳತೆ ಬಿಟ್ಟು ತೂಕ ಮಾಡುವ ಕ್ಲಿಪ್ ಈ ಅನುಮಾನಕ್ಕೆ ಸಿಗುವ ಉತ್ತರ. ಮಾತಿನಲ್ಲಿ "ಅದೇ ರುಚಿ ಗ್ಯಾರಂಟಿ" ಅಂದರೆ ಯಾರೂ ಒಪ್ಪುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಇನ್ನೊಂದು ಮದುವೆಯ ದೊಡ್ಡ ಪಾತ್ರೆಯಿಂದಲೇ ರುಚಿ ನೋಡಿಸುವುದು. ಆ ಮನೆಯವರನ್ನು ಮೊದಲೇ ಕೇಳಿ ಒಪ್ಪಿಸಿರಬೇಕು, ಅಷ್ಟೇ. ಆಗ ಎರಡು ದಿನದ ಶೂಟಿಂಗ್ ಬೇಡ. ಬೆಳಿಗ್ಗೆ ಅಡುಗೆ, ಆಮೇಲೆ ಇವರು ಬಂದು ರುಚಿ ನೋಡುವುದು, ತಕರಾರು ವಹಿಯಲ್ಲಿ ಬರೆಯುವುದು. ಆದರೆ ದೊಡ್ಡಮ್ಮ ಎರಡನೇ ಸಲ ತಿನ್ನುವ ಕ್ಲಿಪ್ ತಪ್ಪಿಹೋಗುತ್ತದೆ. ಅದಿಲ್ಲದಿದ್ದರೆ ವಹಿಯ ಬರಹದ ಮೇಲೇ ಮುಗಿಸಿ. "ಸರಿ ಮಾಡಿದೆವು" ಅಂತ ಸುಳ್ಳು ಸಾಲು ಸೇರಿಸಬೇಡಿ.

ಮುಖ ತೋರಿಸುವ ಮೊದಲು ಕೇಳುವುದನ್ನು ಮರೆಯಬಾರದು. ಮದುಮಗಳ ಮುಖ ರೀಲ್‌ನಲ್ಲಿ ಬರುವುದು ಎಷ್ಟೋ ಮನೆಗಳಿಗೆ ಇಷ್ಟವಾಗುವುದಿಲ್ಲ, ಅದರಲ್ಲೂ ಮದುವೆಗೆ ಮೊದಲು. ಒಪ್ಪದಿದ್ದರೆ ಕೈ, ತಟ್ಟೆ, ಧ್ವನಿ ಇಷ್ಟರಲ್ಲೇ ಈ ಸ್ಕ್ರಿಪ್ಟ್ ನಡೆಯುತ್ತದೆ. ದೊಡ್ಡಮ್ಮನ ಧ್ವನಿ ಇದ್ದರೆ ಸಾಕು. ಆ ಧ್ವನಿಯನ್ನು ಪುಸ್ತಕದ ಕನ್ನಡಕ್ಕೆ ಬದಲಾಯಿಸಿ ಬೇರೆಯವರಿಂದ ಮಾತಾಡಿಸುವುದು ಮಾತ್ರ ಬೇಡ. ಕಲಬುರಗಿಯ ಮಾತು ಕೇಳಿದ ಕೂಡಲೇ ಇದು ನಮ್ಮ ಊರಿನದು ಅಂತ ಜನಕ್ಕೆ ತಿಳಿಯುತ್ತದೆ.

ಮೂರಕ್ಕೂ ಕಾಡುವ ಎರಡು ತೊಂದರೆ

ಮೊದಲನೆಯದು ಬೆಳಕು. ಗುಲಾಬಿ, ಹಸಿರು ಶಾಮಿಯಾನದ ಕೆಳಗೆ ಶೂಟ್ ಮಾಡಿದರೆ ಅನ್ನವೂ ಅದೇ ಬಣ್ಣಕ್ಕೆ ತಿರುಗುತ್ತದೆ. ಹಸಿರು ಛಾಯೆ ಬಿದ್ದ ಹೋಳಿಗೆ ಬೂಸು ಹಿಡಿದಂತೆ ಕಾಣುತ್ತದೆ, ಆಮೇಲೆ ಎಡಿಟಿಂಗ್‌ನಲ್ಲಿ ಪೂರ್ತಿ ಸರಿಹೋಗುವುದಿಲ್ಲ. ತಟ್ಟೆಯನ್ನು ಪೆಂಡಾಲಿನ ಅಂಚಿಗೆ ತಂದು, ಬೆಳಿಗ್ಗೆ ಎಂಟರೊಳಗೆ ತೆಗೆಯಿರಿ. ಶೆಡ್ಡಿನ ಒಳಗೆ ಟ್ಯೂಬ್‌ಲೈಟ್ ಇದ್ದರೆ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಓಡುತ್ತವೆ. ನಮ್ಮ ಕರೆಂಟು 50 ಹರ್ಟ್ಸ್. ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ. ಅಲ್ಲಿ ಸ್ಲೋ ಮೋಷನ್ ತೆಗೆಯಲು ಹೋಗಬೇಡಿ. ಒಲೆಯ ಪಕ್ಕ ಫೋನ್ ಹಿಡಿದು ನಿಂತರೆ ಮೇ ತಿಂಗಳಲ್ಲಿ ಫೋನು ಕಾದು ಕ್ಯಾಮೆರಾ ತಾನಾಗಿ ಬಂದ್ ಆಗುವುದುಂಟು. ಒಂದೊಂದೇ ಕ್ಲಿಪ್ ತೆಗೆದು ನೆರಳಿಗೆ ಬನ್ನಿ. ಆವಿ ತಗುಲಿದ ಲೆನ್ಸನ್ನು ಪ್ರತಿ ಸಲವೂ ಒರೆಸಿ.

ಎರಡನೆಯದು ಕನ್ನಡ ಅಕ್ಷರ. ಕೆಲವು ಎಡಿಟಿಂಗ್ ಆ್ಯಪ್‌ಗಳ ಚಂದದ ಫಾಂಟುಗಳಲ್ಲಿ ಒತ್ತಕ್ಷರ ಒಡೆಯುತ್ತದೆ. ರೊಟ್ಟಿ, ಹುಗ್ಗಿ, ಪಲ್ಯ, ನಮ್ಮ ಊಟದ ಅರ್ಧ ಹೆಸರುಗಳಲ್ಲಿ ಒತ್ತು ಇದೆ. ಹಾಕುವ ಮೊದಲು ಈ ಮೂರು ಪದ ಬರೆದು ಫಾಂಟ್ ಪರೀಕ್ಷೆ ಮಾಡಿ. ಅಕ್ಷರ ಪರದೆಯ ನಡುವೆಯೇ ಇರಲಿ. ಕೆಳಗಿನ ಭಾಗವನ್ನು ಖಾತೆಯ ಹೆಸರು, ವಿವರ ಮುಚ್ಚುತ್ತವೆ, ಬಲಗಡೆ ಬಟನ್‌ಗಳು. ಫೋನ್ ನಂಬರನ್ನು ಅಲ್ಲಿ ಹಾಕಿದರೆ ಕೊನೆಯ ಎರಡು ಅಂಕಿ ಕಾಣುವುದೇ ಇಲ್ಲ.

ಯಾರು ಯಾವುದನ್ನು ಆರಿಸಬೇಕು

ಊರಲ್ಲಿ ಹೆಸರು ಗಟ್ಟಿಯಾಗಿರುವವರಿಗೆ ರುಚಿಯನ್ನು ಸಾಬೀತು ಮಾಡುವ ಕೆಲಸವಿಲ್ಲ. ಅವರಿಗೆ ಒಂದೇ ಪ್ಲೇಟಿನ ಮೆನು ರೀಲ್ ಸಾಕು, ಮೆನು ಬದಲಾದಾಗ ಹಳೆಯದನ್ನು ತೆಗೆದುಬಿಡಬೇಕು. ಸ್ವಂತ ಅಡುಗೆಮನೆ ಕಟ್ಟಿ ದುಡ್ಡು ಹಾಕಿದವರು ಅಡುಗೆಮನೆ ರೀಲ್ ಮಾಡಲಿ. ಅದನ್ನು ಬಿಡುವಿರುವ ಆಷಾಢದಲ್ಲಿ ಖಾಲಿ ಅಡುಗೆಮನೆ ತೊಳೆದು ತೆಗೆಯುವುದು ಬೇಡ. ಕೆಲಸ ನಡೆಯುವಾಗ ಸ್ವಚ್ಛ ಇದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಹೊಸಬರು, ಹಳ್ಳಿಯಿಂದ ಊರಿಗೆ ಬರುತ್ತಿರುವವರು, ಮಂಟಪದಿಂದ ಮಂಟಪಕ್ಕೆ ಪಾತ್ರೆ ಹೊತ್ತು ಅಡುಗೆ ಮಾಡುವವರು ರುಚಿ ನೋಡುವ ದಿನದ ಸ್ಕ್ರಿಪ್ಟನ್ನೇ ಹಿಡಿಯಲಿ.

ಬೀದರ್ ಕಡೆ ಅಥವಾ ಮಾಂಸದೂಟ ಮಾಡುವವರಿಗೂ ಇದೇ ಸ್ಕ್ರಿಪ್ಟ್ ನಡೆಯುತ್ತದೆ, ಎಣಗಾಯಿಯ ಜಾಗದಲ್ಲಿ ತಹರಿ ಬರುತ್ತದೆ ಅಷ್ಟೇ. ಸಸ್ಯಾಹಾರಿ, ಮಾಂಸಾಹಾರಿ ಎರಡೂ ಮಾಡುವವರಾದರೆ ಎರಡನ್ನೂ ಒಂದೇ ರೀಲ್‌ಗೆ ಹಾಕಬೇಡಿ. ಲಿಂಗಾಯತರ, ಬ್ರಾಹ್ಮಣರ ಮದುವೆ ನೋಡುವವರು ಮಟನ್ ಪಾತ್ರೆ ಕಂಡ ಕೂಡಲೇ ಮುಂದೆ ಹೋಗುತ್ತಾರೆ. ಬೇರೆ ಬೇರೆ ಪಾತ್ರೆ, ಬೇರೆ ಅಡುಗೆಯವರು ಇದ್ದರೆ ಎರಡು ಖಾತೆ ಇಡುವುದೇ ವಾಸಿ.

ಈಗಾಗಲೇ ಮೆನು ರೀಲ್ ಒಂದು ಮಾಡಿ ಇಟ್ಟಿದ್ದೀರಾ? ಪೂರ್ತಿ ಹೊಸದು ಬೇಕಿಲ್ಲ. ಮುಂದಿನ ಸಲ ಯಾರಾದರೂ ರುಚಿ ನೋಡಲು ಬಂದಾಗ ತಕರಾರಿನ ಆ ಐದು ಸೆಕೆಂಡ್ ತೆಗೆಯಿರಿ, ಮದುವೆಯ ದಿನ ಉಪ್ಪು ತೂಗುವುದನ್ನು ತೆಗೆಯಿರಿ. ಹಳೇ ರೀಲ್‌ನ ಎಂಟು ಪದಾರ್ಥದಲ್ಲಿ ನಾಲ್ಕನ್ನು ಕತ್ತರಿಸಿ ಈ ಎರಡು ಕ್ಲಿಪ್ ಸೇರಿಸಿ, ತಕರಾರನ್ನು ಮೊದಲಿಗೆ ಇಡಿ. ಹಳೆಯದರಲ್ಲಿ ಹಾಡು ಇದ್ದರೆ ಅದನ್ನು ತೆಗೆದು ಮೂಲ ಧ್ವನಿ ಹಾಕಿ, ಇಲ್ಲದಿದ್ದರೆ ದೊಡ್ಡಮ್ಮ ಹೇಳಿದ್ದು ಕೇಳುವುದಿಲ್ಲ.